ಅಲುಗದ ಸ್ಟ್ರೈಕ್ ಹತ್ತಿರ ಬರುವುದು ಹೇಗೆ?

2024ರ ಜೂನ್ 4ರಂದು ಲೋಕಸಭಾ ಚುನಾವಣೆಯ ಮತ ಎಣಿಕೆ ನಡೆದಿತ್ತು. ಆ ಒಂದೇ ದಿನ ನಿಫ್ಟಿ ಸುಮಾರು ಶೇ. 5.9ರಷ್ಟು ಕುಸಿಯಿತು. ಮಾರುಕಟ್ಟೆಯ ಆತಂಕವನ್ನು ಅಳೆಯುವ ಇಂಡಿಯಾ ವಿಐಎಕ್ಸ್ ಹಿಂದಿನ ದಿನ 21ರ ಆಸುಪಾಸಿನಲ್ಲಿದ್ದದ್ದು 26 ದಾಟಿ ಮುಗಿಯಿತು. ಬೆಲೆ ಬಿದ್ದರೆ ಪುಟ್ ಆಪ್ಷನ್ ದುಬಾರಿಯಾಗುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಸೂಚ್ಯಂಕ ಒಂದು ಅಂಕವೂ ಕದಲದೆ, ಆತಂಕವೊಂದೇ ಏರಿದರೂ ದೂರದ ಸ್ಟ್ರೈಕ್‌ಗಳು ಹಲವು ಪಟ್ಟು ಏರಬಲ್ಲವು. ಅದರ ಹಿಂದಿರುವುದು ವೊಮ್ಮಾ.

ಮೊದಲು ವೆಗಾ. ಮುಂದೆ ಎಷ್ಟು ಏರಿಳಿತ ಇರಬಹುದೆಂದು ಮಾರುಕಟ್ಟೆ ಅಂದಾಜಿಸುತ್ತದೋ ಅದೇ ಐವಿ. ಐವಿ ಒಂದು ಅಂಕ ಏರಿದರೆ ಪ್ರೀಮಿಯಂ ಎಷ್ಟು ರೂಪಾಯಿ ಏರುತ್ತದೆ ಎನ್ನುವುದನ್ನು ವೆಗಾ ಹೇಳುತ್ತದೆ. ಪರದೆಯ ಮೇಲೆ ಅದು ಸ್ಥಿರ ಸಂಖ್ಯೆಯಂತೆ ಕಾಣುತ್ತದೆ, ಆದರೆ ಅದು ಆ ಕ್ಷಣದ ಲೆಕ್ಕ ಮಾತ್ರ. ಐವಿ ಬದಲಾದಂತೆ ವೆಗಾ ತಾನೇ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ವೊಮ್ಮಾ ಎಂದು ಹೆಸರು.

ಒಂದು ಲೆಕ್ಕ ಮಾಡೋಣ. ನಿಫ್ಟಿ 24,000ದಲ್ಲಿದೆ, ಅವಧಿ ಮುಗಿಯಲು 30 ದಿನ ಇದೆ ಎಂದುಕೊಳ್ಳಿ. ಬಡ್ಡಿಯನ್ನು ಬದಿಗಿಟ್ಟು, ಬ್ಲಾಕ್-ಶೋಲ್ಸ್ ಸೂತ್ರಕ್ಕೆ ಎರಡು ಪುಟ್‌ಗಳನ್ನು ಹಾಕೋಣ: 24,000ದ್ದು ಒಂದು, 21,600ರದ್ದು ಇನ್ನೊಂದು.

ಐವಿ 12 ಇದ್ದಾಗ 24,000ದ ಪುಟ್‌ನ ವೆಗಾ ಸುಮಾರು 27 ರೂಪಾಯಿ 40 ಪೈಸೆ. ಐವಿ 24ಕ್ಕೆ ಏರಿದರೂ ಅದು ಅಷ್ಟೇ ಉಳಿಯುತ್ತದೆ. 21,600ರ ಕಥೆ ಬೇರೆ. ಐವಿ 12ರಲ್ಲಿ ಅದರ ವೆಗಾ ಬರೀ 24 ಪೈಸೆ. 18ಕ್ಕೆ ಬಂದಾಗ 3 ರೂಪಾಯಿ 24 ಪೈಸೆ, 24ಕ್ಕೆ ಬಂದಾಗ 8 ರೂಪಾಯಿ. ಪ್ರೀಮಿಯಂ 25 ಪೈಸೆಯಷ್ಟಿದ್ದದ್ದು ಮೊದಲು 9 ರೂಪಾಯಿ, ಆಮೇಲೆ ಸುಮಾರು 43 ರೂಪಾಯಿ ಆಗುತ್ತದೆ. ಆರಂಭದ 24 ಪೈಸೆಯನ್ನೇ ನಂಬಿ ಹನ್ನೆರಡರಿಂದ ಗುಣಿಸಿದವರಿಗೆ ಸಿಗುವ ಉತ್ತರ ಮೂರು ರೂಪಾಯಿ ಚಿಲ್ಲರೆ ಮಾತ್ರ.

ಹೀಗೇಕೆ? ದೂರವನ್ನು ಅಂಕಗಳಲ್ಲಿ ಅಳೆಯದೆ ಹೆಜ್ಜೆಗಳಲ್ಲಿ ಅಳೆದರೆ ಸ್ಪಷ್ಟವಾಗುತ್ತದೆ. ಐವಿ 12 ಇದ್ದರೆ ತಿಂಗಳಲ್ಲಿ ನಿಫ್ಟಿಯ ಸಾಮಾನ್ಯ ಓಡಾಟ ಸುಮಾರು 825 ಅಂಕ. ಅದೇ ಒಂದು ಹೆಜ್ಜೆ. 2,400 ಅಂಕ ಕೆಳಗಿರುವ ಸ್ಟ್ರೈಕ್ ಹೆಚ್ಚುಕಡಿಮೆ ಮೂರು ಹೆಜ್ಜೆ ದೂರ. ಅಲ್ಲಿಗೆ ಮಾರುಕಟ್ಟೆ ತಲುಪುವುದು ಬಲು ಅಪರೂಪ, ಹಾಗಾಗಿ ಐವಿ ಅಷ್ಟಿಷ್ಟು ಏರಿದರೂ ಆ ಪುಟ್‌ಗೆ ತಾಗುವುದಿಲ್ಲ. ಐವಿ 24 ಆದರೆ ಹೆಜ್ಜೆಯೇ 1,650 ಅಂಕದಷ್ಟು ಉದ್ದವಾಗುತ್ತದೆ. ಸ್ಟ್ರೈಕ್ ಇದ್ದಲ್ಲೇ ಇದ್ದರೂ ಈಗ ಒಂದೂವರೆ ಹೆಜ್ಜೆಯಷ್ಟೇ ದೂರ. ಇಷ್ಟು ಹತ್ತಿರ ಬಂದ ಸ್ಟ್ರೈಕ್‌ಗೆ ಮುಂದಿನ ಪ್ರತಿ ಅಂಕದ ಏರಿಕೆಯೂ ನೇರವಾಗಿ ತಟ್ಟುತ್ತದೆ. 24,000ದ ಸ್ಟ್ರೈಕ್ ಮೊದಲೇ ಸೊನ್ನೆ ಹೆಜ್ಜೆಯಲ್ಲಿದೆ; ಹೆಜ್ಜೆ ಎಷ್ಟು ಉದ್ದವಾದರೂ ಸೊನ್ನೆ ಸೊನ್ನೆಯೇ.

ಹಾಗೆಂದು ದೂರ ಹೋದಷ್ಟೂ ವೊಮ್ಮಾ ಹೆಚ್ಚುತ್ತದೆ ಎಂದಲ್ಲ. ರೂಪಾಯಿ ಲೆಕ್ಕದಲ್ಲಿ ಅದು ಗರಿಷ್ಠವಾಗುವುದು ಸುಮಾರು ಒಂದೂವರೆ ಹೆಜ್ಜೆ ದೂರದಲ್ಲಿ. ತೀರಾ ಆಚೆಯ ಸ್ಟ್ರೈಕ್‌ಗಳು ಎಚ್ಚೆತ್ತುಕೊಳ್ಳಲು ಬಹಳ ದೊಡ್ಡ ಜಿಗಿತವೇ ಬೇಕು.

ನಿಜವಾದ ಮಾರುಕಟ್ಟೆಯಲ್ಲಿ 25 ಪೈಸೆಯ ಆ ಪುಟ್ ಸಿಗುವುದು ಕಷ್ಟ. ಕುಸಿತದ ಭಯದಿಂದ ದೂರದ ಪುಟ್‌ಗಳ ಐವಿ ಮೊದಲಿನಿಂದಲೇ ಹೆಚ್ಚಿರುತ್ತದೆ. 24,000ದ ಪುಟ್ 12ರಲ್ಲೂ 21,600ರದ್ದು 18ರಲ್ಲೂ ಇದೆ ಎನ್ನೋಣ. ಒಬ್ಬರು ಹತ್ತಿರದ್ದು ಒಂದನ್ನು ಕೊಂಡು ದೂರದ್ದು ಎಂಟನ್ನು ಮಾರುತ್ತಾರೆ. ಎಂಟರ ವೆಗಾ ಸೇರಿ 26 ರೂಪಾಯಿ, ಕೊಂಡದ್ದರ ವೆಗಾ 27; ಎರಡೂ ಸರಿಹೋಯಿತು, ಐವಿ ಏರಿದರೆ ಹೆದರಬೇಕಿಲ್ಲ ಅನಿಸುತ್ತದೆ. ಎರಡರ ಐವಿಯೂ ಆರು ಅಂಕ ಜಿಗಿಯಲಿ. ಕೊಂಡದ್ದರಲ್ಲಿ 165 ರೂಪಾಯಿ ಲಾಭ. ಮಾರಿದ್ದರಲ್ಲಿ ಒಂದೊಂದಕ್ಕೆ ಸುಮಾರು 34ರಂತೆ 270 ರೂಪಾಯಿ ನಷ್ಟ. ಅದಕ್ಕಿಂತ ಅಪಾಯದ ಸಂಗತಿಯೆಂದರೆ, ಈಗ ಮಾರಿದ ಎಂಟರ ವೆಗಾ 64 ರೂಪಾಯಿ ದಾಟಿರುತ್ತದೆ. ಮುಂದಿನ ಪ್ರತಿ ಅಂಕವೂ ಮೊದಲಿಗಿಂತ ಹೆಚ್ಚು ಕಿತ್ತುಕೊಳ್ಳುತ್ತದೆ. ನಷ್ಟ ತಡೆಯಲು ಮಾರಾಟಗಾರರೆಲ್ಲ ಒಟ್ಟಿಗೆ ಕೊಳ್ಳಲು ಹೊರಟರೆ ಆ ಪುಟ್‌ಗಳ ಐವಿ ಇನ್ನಷ್ಟು ಏರುತ್ತದೆ.

ಕೊಂಡವರಿಗೂ ಇದು ಸುಲಭದ ಹಣವಲ್ಲ. 2024ರ ಜೂನ್ 5ರಂದು ವಿಐಎಕ್ಸ್ 20ರ ಕೆಳಗಿಳಿಯಿತು. ಹಾಗೆ ಐವಿ ಇಳಿದಾಗ ಹೆಜ್ಜೆ ಮತ್ತೆ ಗಿಡ್ಡವಾಗಿ, ದೂರದ ಸ್ಟ್ರೈಕ್ ಬಂದಷ್ಟೇ ಬೇಗ ದೂರ ಸರಿಯುತ್ತದೆ.

ಆಪ್ಷನ್ ಪರದೆಗಳಲ್ಲಿ ಸಾಮಾನ್ಯವಾಗಿ ವೆಗಾ ಕಾಣುತ್ತದೆ, ವೊಮ್ಮಾ ಕಾಣುವುದು ವಿರಳ. ದೂರದ ಸ್ಟ್ರೈಕ್ ಮಾರುವ ಮೊದಲು ಯಾವುದಾದರೂ ಆಪ್ಷನ್ ಕ್ಯಾಲ್ಕುಲೇಟರ್‌ನಲ್ಲಿ ಬೆಲೆಯನ್ನು ಹಾಗೇ ಇಟ್ಟು, ಐವಿಯನ್ನು ಆರು ಅಂಕ ಏರಿಸಿ, ಆಮೇಲೆ ಹನ್ನೆರಡು ಏರಿಸಿ ಪ್ರೀಮಿಯಂ ನೋಡಿ. ಎರಡನೆಯ ಆರು ಅಂಕದ ನಷ್ಟ ಮೊದಲ ಆರಕ್ಕಿಂತ ಎಷ್ಟು ಹೆಚ್ಚಿದೆ ಎಂದು ಗಮನಿಸಿ, ಎಷ್ಟು ಲಾಟ್ ಮಾರಬೇಕೆಂಬುದನ್ನು ಆಮೇಲೆ ತೀರ್ಮಾನಿಸಿ.