ಚಿಕ್ಕ ವಾಕ್ಯ ಸಾಕೇ? ಒಂದು ಕರಪತ್ರ ಕಲಿಸಿದ ಕನ್ನಡ

‘ಐದನೇ ತರಗತಿ ಓದಿದವರಿಗೂ ಅರ್ಥವಾಗಬೇಕು.’ ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಘಟಕಕ್ಕೆ ಫ್ಲೋರೈಡ್ ಬಗ್ಗೆ ಕರಪತ್ರ ಬರೆಯುವ ಕೆಲಸ ಬಂದಾಗ ಆರೋಗ್ಯ ಕೇಂದ್ರದ ಡಾಕ್ಟರ್ ಹಾಕಿದ ಷರತ್ತು ಇದೊಂದೇ. ಓದಬೇಕಾದವರು ಬಂಗಾರಪೇಟೆ ಸುತ್ತಲಿನ ಹಳ್ಳಿಗಳವರು ಮತ್ತು ನಮ್ಮ ಕೆಜಿಎಫ್‌ನವರು. ನಾನು ಓದುತ್ತಿರುವುದು ಬಿಇ. ಅಳತೆ ಇದೆ ಎಂದ ಮೇಲೆ ಅದಕ್ಕೊಂದು ಸೂತ್ರವೂ ಇರಬೇಕಲ್ಲ ಎಂದು ಹುಡುಕಿದೆ.

ಸೂತ್ರವೇನೋ ಇದೆ, ಆದರೆ ಇಂಗ್ಲಿಷಿಗೆ. ಅಮೆರಿಕದ ನೌಕಾಪಡೆಗಾಗಿ 1975ರಲ್ಲಿ ಸಿದ್ಧವಾದ ಫ್ಲೆಶ್-ಕಿನ್‌ಕೇಡ್ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಒಂದು ವಾಕ್ಯದಲ್ಲಿ ಸರಾಸರಿ ಎಷ್ಟು ಪದಗಳಿವೆ ಎಂದು ನೋಡಿ 0.39ರಿಂದ ಗುಣಿಸಬೇಕು. ಒಂದು ಪದದಲ್ಲಿ ಸರಾಸರಿ ಎಷ್ಟು ಉಚ್ಚಾರಾಂಶಗಳಿವೆ ಎಂದು ನೋಡಿ 11.8ರಿಂದ ಗುಣಿಸಬೇಕು. ಎರಡನ್ನೂ ಕೂಡಿ 15.59 ಕಳೆದರೆ ಎಷ್ಟನೇ ತರಗತಿಯವರು ಓದಬಲ್ಲರು ಎಂಬುದು ಸಿಗುತ್ತದೆ.

ಇದನ್ನು ಕನ್ನಡಕ್ಕೆ ಹಚ್ಚಿ ನೋಡೋಣ. ‘ಮಕ್ಕಳಿಗೆ ಈ ನೀರು ಕೊಡಬೇಡಿ.’ ಇದರಲ್ಲಿ ನಾಲ್ಕು ಪದ, ಹನ್ನೊಂದು ಉಚ್ಚಾರಾಂಶ. ಲೆಕ್ಕ ಹಾಕಿದರೆ ಬರುವ ಉತ್ತರ 18.4. ಅಂದರೆ ಈ ವಾಕ್ಯ ಅರ್ಥವಾಗಬೇಕಾದರೆ ಸ್ನಾತಕೋತ್ತರ ಪದವಿಯನ್ನೂ ದಾಟಿರಬೇಕು! ತಪ್ಪು ವಾಕ್ಯದ್ದಲ್ಲ. ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ನಿಲ್ಲುವ ಪದಗಳು ಕನ್ನಡದಲ್ಲಿ ಪ್ರತ್ಯಯಗಳಾಗಿ ಅಂಟಿಕೊಳ್ಳುತ್ತವೆ. ‘ಕೊಡಬೇಡಿ’ ಎಂಬ ಒಂದೇ ಪದದಲ್ಲಿ ಕೊಡುವುದು, ಬೇಡ ಎನ್ನುವುದು, ಎದುರಿನವರಿಗೆ ಗೌರವ ಕೊಡುವುದು ಮೂರೂ ಸೇರಿವೆ. ಪದ ಉದ್ದವಾದರೂ ಮೂರನೇ ತರಗತಿಯ ಮಗುವಿಗೂ ಅದು ಗೊತ್ತು. ಹಾಗಾಗಿ ಕನ್ನಡದಲ್ಲಿ ಪದದ ಉದ್ದವನ್ನು ನೋಡಿ ಕಷ್ಟವನ್ನು ಅಳೆಯಲು ಬರುವುದಿಲ್ಲ.

ಹಾಗಾದರೆ ಕಷ್ಟ ಎಲ್ಲಿದೆ? ಇಂಥ ಕರಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಧಾಟಿಯ ವಾಕ್ಯವೊಂದನ್ನು ಬರೆದುಕೊಂಡು ಬಿಡಿಸಲು ಕುಳಿತೆವು: ‘ನಿಗದಿತ ಪ್ರಮಾಣಕ್ಕಿಂತ ಅಧಿಕ ಫ್ಲೋರೈಡ್ ಅಂಶವುಳ್ಳ ಅಂತರ್ಜಲವನ್ನು ದೀರ್ಘಕಾಲ ಸೇವಿಸುವುದರಿಂದ ಉಂಟಾಗುವ ಫ್ಲೋರೋಸಿಸ್ ಕಾಯಿಲೆಯು ದಂತ ಹಾಗೂ ಮೂಳೆಗಳ ಮೇಲೆ ದುಷ್ಪರಿಣಾಮ ಬೀರುವುದರಿಂದ ಸಾರ್ವಜನಿಕರು ಶುದ್ಧ ಕುಡಿಯುವ ನೀರನ್ನೇ ಬಳಸತಕ್ಕದ್ದು.’

ಇಲ್ಲಿ 22 ಪದಗಳಿವೆ. ಆದರೆ ಸಂಖ್ಯೆಗಿಂತ ಅವು ಕೂತಿರುವ ರೀತಿ ಹೆಚ್ಚು ತೊಂದರೆ ಕೊಡುತ್ತದೆ. ಕನ್ನಡದಲ್ಲಿ ವಿಶೇಷಣ ಮೊದಲು ಬರುತ್ತದೆ, ಕ್ರಿಯಾಪದ ಕೊನೆಗೆ. ‘ಅಂಶವುಳ್ಳ’, ‘ಉಂಟಾಗುವ’ ಎಂದು ಓದುವಾಗ ಯಾವುದರ ಬಗ್ಗೆ ಹೇಳುತ್ತಿದ್ದಾರೆ ಎಂದು ಕಾಯಬೇಕು. ‘ಇಂದ’ ಎನ್ನುವ ಕಾರಣ ಎರಡು ಸಲ ಬಂದಿದೆ. ನಾವು ಏನು ಮಾಡಬೇಕು ಎಂಬುದು ತಿಳಿಯುವುದು ಕಟ್ಟಕಡೆಯ ಪದದಲ್ಲಿ. ನಿಧಾನವಾಗಿ ಅಕ್ಷರ ಕೂಡಿಸಿ ಓದುವವರು ಅಲ್ಲಿಗೆ ತಲುಪುವ ಹೊತ್ತಿಗೆ ಆರಂಭ ಮರೆತಿರುತ್ತದೆ.

ಬಿಡಿಸುವ ವಿಧಾನ ಸರಳ. ‘ಉಳ್ಳ’, ‘ಉಂಟಾಗುವ’, ‘ಬೀರುವುದರಿಂದ’ ಇವೇ ವಾಕ್ಯದ ಕೀಲುಗಳು, ಕತ್ತರಿ ಹಾಕಬೇಕಾದದ್ದು ಅಲ್ಲಿಯೇ. ಒಂದೊಂದು ತುಂಡಿಗೂ ಅದರದೇ ಕ್ರಿಯಾಪದ ಕೊಟ್ಟು ನಿಲ್ಲಿಸಬೇಕು. ಆದರೆ ಎಲ್ಲ ಕಡೆಯೂ ಕತ್ತರಿಸಿದರೆ ಬೇರೆ ತೊಂದರೆ ಹುಟ್ಟುತ್ತದೆ. ‘ಬೋರ್ ನೀರು ಕುಡಿಯುತ್ತೇವೆ. ಫ್ಲೋರೈಡ್ ಇದೆ. ಕಲೆ ಬೀಳುತ್ತದೆ.’ ಈ ಮೂರೂ ಪುಟ್ಟ ವಾಕ್ಯಗಳೇ, ಆದರೆ ಒಂದರಿಂದ ಇನ್ನೊಂದು ಆಯಿತು ಎಂಬ ಕೊಂಡಿಯೇ ಕಳಚಿಹೋಗಿದೆ. ಆದ್ದರಿಂದ ‘ಕುಡಿದರೆ ಕಲೆ ಬೀಳುತ್ತದೆ’ ಎಂಬಲ್ಲಿ ‘ಅರೆ’ಯನ್ನು ಉಳಿಸಿಕೊಂಡೆವು. ಒಂದು ವಾಕ್ಯಕ್ಕೆ ಒಂದೇ ಕೊಂಡಿ ಎಂಬುದು ನಮ್ಮ ನಿಯಮವಾಯಿತು.

ಇನ್ನೊಂದು ಎಚ್ಚರಿಕೆಯೂ ಬೇಕಾಯಿತು. ‘ಕುದಿಸಿದ ನೀರನ್ನು ಕುಡಿಯಬಹುದು ಎಂದು ತಿಳಿಯಬೇಡಿ’ ಎಂದು ಬರೆದರೆ ‘ಬೇಡ’ ಬರುವುದು ತುದಿಯಲ್ಲಿ. ಅರ್ಧಕ್ಕೆ ನಿಂತವರಿಗೆ ಸಿಗುವುದು ಪೂರ್ತಿ ತದ್ವಿರುದ್ಧವಾದ ಸಲಹೆ! ಈ ಸಲಹೆಯಲ್ಲಿ ಅಪಾಯವೂ ಇದೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಮಾತ್ರ ಎಲ್ಲಿಗೂ ಹೋಗುವುದಿಲ್ಲ. 2 ಮಿಲಿಗ್ರಾಂ ಫ್ಲೋರೈಡ್ ಇರುವ ಒಂದು ಲೀಟರ್ ನೀರು ಕುದಿದು 800 ಮಿಲಿಲೀಟರ್‌ಗೆ ಇಳಿದರೆ, ಉಳಿದ ನೀರಿನಲ್ಲಿ ಅದರ ಪ್ರಮಾಣ ಲೀಟರ್‌ಗೆ 2.5 ಮಿಲಿಗ್ರಾಂ ಆಗುತ್ತದೆ. ಅದಕ್ಕೇ ‘ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ’ ಎಂದು ಮೂರೇ ಪದಗಳಲ್ಲಿ ಬರೆದೆವು. ಇದರಲ್ಲಿ ಎಲ್ಲಿ ನಿಂತರೂ ತಪ್ಪು ಸಲಹೆ ಹುಟ್ಟುವುದಿಲ್ಲ.

ಇನ್ನು ಪದಗಳ ಸರದಿ. ಕೆಜಿಎಫ್‌ನಲ್ಲಿ ಇದು ಸ್ವಲ್ಪ ಬೇರೆಯೇ ಲೆಕ್ಕ. ಗಣಿ ಕೆಲಸಕ್ಕೆಂದು ತಲೆಮಾರುಗಳ ಹಿಂದೆ ತಮಿಳು, ತೆಲುಗು ಸೀಮೆಗಳಿಂದ ಬಂದವರ ಊರು ಇದು. 2001ರಲ್ಲಿ ಗಣಿ ಮುಚ್ಚಿದರೂ ಭಾಷೆಗಳು ಇಲ್ಲೇ ಉಳಿದವು. ಇಲ್ಲಿ ಅನೇಕರಿಗೆ ಕನ್ನಡ ಶಾಲೆಯಲ್ಲಿ ಕಲಿತ ಎರಡನೇ ಭಾಷೆ. ತೆಲುಗು ಓದುವವರಿಗೆ ಕನ್ನಡ ಲಿಪಿ ಹತ್ತಿರದ್ದು. ತಮಿಳು ಲಿಪಿಯಲ್ಲಿ ಮಹಾಪ್ರಾಣಕ್ಕೆ ಪ್ರತ್ಯೇಕ ಅಕ್ಷರಗಳಿಲ್ಲ, ನಮ್ಮಂತೆ ಕೆಳಗೆ ಒತ್ತು ಕೊಡುವ ಪದ್ಧತಿಯೂ ಇಲ್ಲ. ಹಾಗಾಗಿ ‘ದೀರ್ಘಕಾಲ’, ‘ದುಷ್ಪರಿಣಾಮ’ ಎಂಬಲ್ಲಿ ಅರ್ಥಕ್ಕೂ ಮೊದಲು ಅಕ್ಷರವೇ ತಡೆಯುತ್ತದೆ. ‘ದೀರ್ಘಕಾಲ’ವನ್ನು ‘ವರ್ಷಗಟ್ಟಲೆ’ ಮಾಡಿದೆವು. ಒತ್ತು ಅಲ್ಲೂ ಇದೆ, ಆದರೆ ಪದ ದಿನಬಳಕೆಯದು. ‘ಮೂಳೆ’ಯ ಬದಲು ‘ಎಲುಬು’ ಎಂದು ಬರೆದೆವು. ಕನ್ನಡದವರಿಗೆ ಎರಡೂ ಗೊತ್ತು, ತಮಿಳಿನವರಿಗೆ ‘ಎಲುಂಬು’ ನೆನಪಾಗುತ್ತದೆ. ‘ಅಂತರ್ಜಲ’ ಹೋಗಿ ‘ಬೋರ್ ನೀರು’ ಬಂತು. ಅಚ್ಚಗನ್ನಡದ ‘ಕೊಳವೆಬಾವಿ’ಗಿಂತ ಇಲ್ಲಿ ಅದೇ ಎಲ್ಲರ ಬಾಯಲ್ಲಿರುವುದು.

ಆದರೆ ಸುಲಭವಾದ ಪದವೇ ಮೋಸ ಮಾಡಿದ್ದೂ ಇದೆ. ಕರಡು ಹಿಡಿದು ಬಂಗಾರಪೇಟೆ ತಾಲ್ಲೂಕಿನ ಒಂದು ಹಳ್ಳಿಗೆ ಹೋದೆವು. ‘ಶುದ್ಧ ನೀರು ಕುಡಿಯಿರಿ’ ಎಂಬ ಸಾಲನ್ನು ಅಜ್ಜಿಯೊಬ್ಬರು ತಡವರಿಸದೆ ಓದಿದರು. ಆಮೇಲೆ ಲೋಟ ಎತ್ತಿ ಹಿಡಿದು, ‘ನಾವು ಕುಡಿಯೋದು ಶುದ್ಧ ನೀರೇ ಕಣಪ್ಪ, ನೋಡು, ಗಾಜಿನ ಥರ ಇದೆ’ ಅಂದರು. ಪದ ಅವರಿಗೆ ಗೊತ್ತಿತ್ತು. ಆದರೆ ಶುದ್ಧ ಎಂದರೆ ಅವರಿಗೆ ತಿಳಿಯಾದದ್ದು, ಕಸವಿಲ್ಲದ್ದು. ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ರಾನೈಟ್‌ನಂಥ ಬಂಡೆಗಳ ಸಂದಿಯಲ್ಲಿ ಬಹಳ ಕಾಲ ನಿಂತ ನೀರಿನಲ್ಲಿ ಅದು ಕರಗಿ ಸೇರಿಕೊಂಡಿರುತ್ತದೆ. ‘ಫಿಲ್ಟರ್ ನೀರು’ ಎಂಬುದೂ ಹೀಗೆಯೇ. ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಘಟಕಕ್ಕೂ ಜನ ಹಾಗೆನ್ನುತ್ತಾರೆ, ಮನೆಯ ಕ್ಯಾಂಡಲ್ ಫಿಲ್ಟರ್‌ಗೂ ಹಾಗೇ ಎನ್ನುತ್ತಾರೆ. ಕರಗಿದ ಫ್ಲೋರೈಡನ್ನು ಎರಡನೆಯದು ತಡೆಯುವುದಿಲ್ಲ. ಅದಕ್ಕೆ ‘ಆರ್‌ಒ ಘಟಕ’ ಎಂದು ಬಿಡಿಸಿ ಬರೆದೆವು. ‘ಫ್ಲೋರೈಡ್’ ಪದವನ್ನು ಉಪ್ಪು, ಲವಣ ಎಂದು ಸುಲಭ ಮಾಡಲು ಹೋಗಲಿಲ್ಲ. ಕೋಲಾರದ ಕಡೆ ಉಪ್ಪು ನೀರು ಎಂದರೆ ಬೇಳೆ ಬೇಯದ ನೀರು. ‘ನಮ್ಮದು ಸಿಹಿನೀರು, ಭಯವಿಲ್ಲ’ ಎಂದು ಜನ ಸುಮ್ಮನಾಗಿಬಿಡಬಹುದು. ಜೊತೆಗೆ ನೀರಿನ ಪರೀಕ್ಷಾ ವರದಿಯಲ್ಲಿ ಅವರು ಹುಡುಕಬೇಕಾದ ಹೆಸರೂ ಅದೇ.

ಕೊನೆಯ ತೊಡಕು ಸಂಖ್ಯೆಯದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಎರಡು ಅಂಕಿ ಕೊಟ್ಟರೆ ಗೊಂದಲವಾಗುತ್ತದೆ ಎಂದು, ‘ಇದನ್ನು ದಾಟಿದರೆ ಕುಡಿಯಲೇಬಾರದು’ ಎನ್ನುವ ಒಂದನ್ನೇ ಡಾಕ್ಟರ್ ಉಳಿಸಿದರು. ಇದರಲ್ಲಿ ನಷ್ಟವಿದೆ. 1.3 ಬಂದವರಿಗೆ ಬೇರೆ ನೀರು ಸಿಕ್ಕರೆ ಅದೇ ಒಳ್ಳೆಯದು ಎಂಬ ಮಾತನ್ನು ಕರಪತ್ರ ಹೇಳುವುದಿಲ್ಲ, ಅದನ್ನು ಆಶಾ ಕಾರ್ಯಕರ್ತೆ ಬಾಯಿಮಾತಿನಲ್ಲಿ ಹೇಳಬೇಕು. ದಶಮಾಂಶವನ್ನು ಸರಿಯಾಗಿ ಕಲಿಯದವರಿಗೆ 1.15 ಎಂಬುದು 1.5ಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಹದಿನೈದು ಐದಕ್ಕಿಂತ ದೊಡ್ಡದಲ್ಲವೇ? ಹಾಗಾಗಿ ಅಂಕಿಯ ಜೊತೆ ಅಕ್ಷರದಲ್ಲೂ ಬರೆದೆವು.

ಎಲ್ಲ ಮುಗಿದ ಮೇಲೆ ಕರಪತ್ರ ಹೀಗಾಯಿತು: ‘ಫ್ಲೋರೈಡ್ ಕಣ್ಣಿಗೆ ಕಾಣುವುದಿಲ್ಲ. ನೀರು ತಿಳಿಯಾಗಿದ್ದರೂ ಅದರಲ್ಲಿ ಫ್ಲೋರೈಡ್ ಇರಬಹುದು. ಅಂಥ ಬೋರ್ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ದೊಡ್ಡವರಿಗೆ ಎಲುಬು, ಕೀಲು ನೋಯುತ್ತವೆ. ನಿಮ್ಮ ಬೋರ್ ನೀರನ್ನು ಪರೀಕ್ಷೆ ಮಾಡಿಸಿ. ಫ್ಲೋರೈಡ್ ಒಂದೂವರೆಗಿಂತ (1.5) ಹೆಚ್ಚಿದ್ದರೆ ಆ ನೀರು ಕುಡಿಯಲು ಬೇಡ, ಅಡುಗೆಗೂ ಬೇಡ. ಸ್ನಾನಕ್ಕೆ, ಬಟ್ಟೆ ಒಗೆಯಲು ಬಳಸಬಹುದು. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಊರಿನ ಆರ್‌ಒ ಘಟಕದ ನೀರು ಕುಡಿಯಿರಿ.’

ಒಂದು ವಾಕ್ಯ ಒಂಬತ್ತಾಯಿತು. ಪದಗಳು 22ರಿಂದ 49ಕ್ಕೆ ಏರಿದವು. ಸರಳ ಮಾಡುವುದೆಂದರೆ ಚಿಕ್ಕದು ಮಾಡುವುದು ಎಂದುಕೊಂಡಿದ್ದವರಿಗೆ ಇದು ವಿಚಿತ್ರ ಎನಿಸಬಹುದು. ಜಾಗ ಹೊಂದಿಸಲು ಯೋಜನೆಯ ಹೆಸರು, ಕಾಯಿಲೆಯ ಹೆಸರು, ಘೋಷವಾಕ್ಯ ಎಲ್ಲವನ್ನೂ ತೆಗೆಯಬೇಕಾಯಿತು.

ಇದು ನಿಜಕ್ಕೂ ಐದನೇ ತರಗತಿಯ ಮಟ್ಟದಲ್ಲಿದೆಯೇ ಎಂದು ಹೇಳುವ ಸೂತ್ರ ನಮ್ಮ ಕೈಯಲ್ಲಿರಲಿಲ್ಲ, ಓದುಗರೇ ಇದ್ದರು. ‘ಅರ್ಥವಾಯ್ತಾ?’ ಎಂದು ಕೇಳಿದರೆ ಮರ್ಯಾದೆಗೆ ಎಲ್ಲರೂ ಹೌದು ಅನ್ನುತ್ತಾರೆ. ಆದ್ದರಿಂದ ಕಾಗದ ವಾಪಸ್ ಪಡೆದು ಬೇರೆ ಮೂರು ಪ್ರಶ್ನೆ ಕೇಳಿದೆವು. ನಿಮ್ಮ ನೀರು ಸರಿಯಿದೆ ಎಂದು ಹೇಗೆ ತಿಳಿಯುತ್ತೀರಿ? ಕುದಿಸಿದರೆ ಏನಾಗುತ್ತದೆ? ನಾಳೆ ಅನ್ನಕ್ಕೆ ಯಾವ ನೀರು ಇಡುತ್ತೀರಿ? ಮೂರನೆಯದಕ್ಕೆ ಒಬ್ಬ ತಾಯಿ, ‘ಕುಡಿಯೋಕೆ ಆರ್‌ಒ, ಅನ್ನಕ್ಕೆ ಬೋರು’ ಎಂದರು. ಅಂದಿನ ಕರಡಿನಲ್ಲಿ ಅಡುಗೆಯ ಮಾತು ಇನ್ನೂ ಇರಲಿಲ್ಲ. ‘ಅಡುಗೆಗೂ ಬೇಡ’ ಎಂಬ ಎರಡು ಪದಗಳು ಕರಪತ್ರಕ್ಕೆ ಬಂದದ್ದು ಆ ಉತ್ತರದಿಂದ.