ಓರೆಯಾಗಿ ಕೂತ ಸೋಫಾ

ಸೋಫಾ ಕ್ಯಾಟಲಾಗಿನ ಪುಟ ತಿರುವಿದರೆ ಎಲ್ಲವೂ ಒಂದೇ ಕಡೆಗೆ ಮೈ ತಿರುಗಿಸಿ ಕೂತಿರುತ್ತವೆ. ನೇರ ಎದುರಿನಿಂದ ತೆಗೆದ ಚಿತ್ರದಲ್ಲಿ ಆಸನದ ಆಳ ತಿಳಿಯುವುದಿಲ್ಲ, ಪಕ್ಕದಿಂದ ತೆಗೆದರೆ ಉದ್ದ ತಿಳಿಯುವುದಿಲ್ಲ. ಓರೆಯಲ್ಲಿ ಎರಡೂ ಸಿಗುತ್ತವೆ.

ಆದರೆ ಓರೆನೋಟ ಮೋಸವನ್ನೂ ಮಾಡಬಲ್ಲದು. ಎರಡು ಮೀಟರ್ ಉದ್ದದ ಸೋಫಾವನ್ನು 45 ಡಿಗ್ರಿ ತಿರುಗಿಸಿ, ಅದರ ನಡುವಿನಿಂದ ಎರಡು ಮೀಟರ್ ದೂರದಲ್ಲಿ ಕ್ಯಾಮೆರಾ ಇಟ್ಟೆವು ಅನ್ನಿ. ಹತ್ತಿರದ ಕೈ ಸುಮಾರು 1.3 ಮೀಟರ್ ದೂರದಲ್ಲಿ, ಆಚೆಯದು 2.7 ಮೀಟರ್ ದೂರದಲ್ಲಿ ಇರುತ್ತವೆ. ಹಾಗಾಗಿ ಈಚೆಯ ಕೈ ಆಚೆಯದರ ಎರಡರಷ್ಟು ದಪ್ಪ ಕಾಣುತ್ತದೆ. ಐದು ಮೀಟರ್ ದೂರಕ್ಕೆ ಸರಿದು ಜೂಮ್ ಮಾಡಿದರೆ ಆ ವ್ಯತ್ಯಾಸ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ನುರಿತವರು ಕ್ಯಾಮೆರಾ ಮತ್ತು ಸೋಫಾದ ಜಾಗವನ್ನು ನೆಲದ ಮೇಲೆ ಟೇಪ್ ಅಂಟಿಸಿ ಗುರುತಿಸಿಕೊಳ್ಳುತ್ತಾರೆ. ಕ್ಯಾಮೆರಾದ ಎತ್ತರ, ದೂರ, ಕೋನ ಯಾವುದೂ ಕದಲದಿದ್ದರೆ ಮಾತ್ರ ಎರಡು ಸೋಫಾಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಹುದು.

ಬಟ್ಟೆಯ ನೇಯ್ಗೆ ಕಾಣಬೇಕಾದರೆ ಬೆಳಕು ಮೈಸವರಿಕೊಂಡು ಹೋಗುವಂತೆ ಪಕ್ಕದಿಂದ ಬೀಳಬೇಕು. ಆಗ ಹಾಸು-ಹೊಕ್ಕಿನ ಎಳೆಗಳ ನೆರಳು ಮೂಡುತ್ತದೆ. ಎದುರಿನಿಂದ ಬೆಳಕು ಸುರಿದರೆ ಒರಟು ಲಿನನ್ ಕೂಡ ನುಣುಪು ರೆಕ್ಸಿನ್‌ನಂತೆ ತೋರುತ್ತದೆ. ಒಮ್ಮೊಮ್ಮೆ ಬಟ್ಟೆಯಲ್ಲೇ ಇಲ್ಲದ ಅಲೆಅಲೆ ಪಟ್ಟೆಗಳು ಚಿತ್ರದಲ್ಲಿ ಕಾಣಿಸಿಕೊಳ್ಳುತ್ತವೆ. ಎಳೆಗಳ ಸಾಲಿಗೂ ಕ್ಯಾಮೆರಾ ಸೆನ್ಸರಿನ ಚುಕ್ಕಿಗಳ ಸಾಲಿಗೂ ತಾಳ ತಪ್ಪಿದಾಗ ಹೀಗಾಗುತ್ತದೆ. ಕ್ಯಾಮೆರಾವನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿದರೆ ಅನೇಕ ಸಲ ಮಾಯವಾಗುತ್ತದೆ.

ನನಗೆ ಅತಿ ಹೆಚ್ಚು ಅನುಮಾನ ಬರುವುದು ಕುಶನ್ ಮೇಲೆ. ಚಿತ್ರಕ್ಕೆ ಮುಂಚೆ ಅದನ್ನು ತಟ್ಟಿ, ಹಬೆ ಹಾಯಿಸಿ, ಕೆಲವೊಮ್ಮೆ ಒಳಗೆ ಹೆಚ್ಚುವರಿ ಹತ್ತಿಯನ್ನೂ ತುಂಬಿ ಉಬ್ಬಿಸುತ್ತಾರೆ. ಯಾರೂ ಕೂರದ ಫೋಮ್ ಎಂದೂ ತಗ್ಗುವುದಿಲ್ಲವಲ್ಲ! ಪ್ರಾಮಾಣಿಕ ಕ್ಯಾಟಲಾಗಿನಲ್ಲಿ ಅದೇ ಕೋನದಿಂದ ಎರಡನೇ ಚಿತ್ರವೂ ಇರಬೇಕು: ಒಬ್ಬರು ಕೂತು ಎದ್ದ ನಂತರದ್ದು. ಎರಡರಲ್ಲೂ ಕುಶನ್ನಿನ ಮುಂದಿನ ಅಂಚಿನ ಹೊಲಿಗೆಯನ್ನು ನೋಡಿ. ನೇರವಾಗಿದ್ದ ಗೆರೆ ಜೋಕಾಲಿಯ ಹಗ್ಗದಂತೆ ಜೋತಿದ್ದರೆ ಫೋಮ್ ಮೃದುವಾಗಿದೆ, ಇಲ್ಲವೇ ಕೆಳಗಿನ ಪಟ್ಟಿ ಸಡಿಲವಾಗಿದೆ. ಯಾವುದೆಂದು ಚಿತ್ರ ಹೇಳಲಾರದು. ಇನ್ನು ಐಕಿಯಾ ಕಂಪನಿ 2006ರಲ್ಲೇ ಕಂಪ್ಯೂಟರಿನಲ್ಲಿ ರಚಿಸಿದ ಕುರ್ಚಿಯ ಚಿತ್ರ ಬಳಸಿತ್ತು. ಅಂಥ ಚಿತ್ರದಲ್ಲಿ ಕುಶನ್ ಎಷ್ಟು ತಗ್ಗಬೇಕೆಂಬುದನ್ನು ಚಿತ್ರಿಸುವವರೇ ತೀರ್ಮಾನಿಸುತ್ತಾರೆ.

ಕೊನೆಗೆ ಕಾಲು. ಕ್ಯಾಮೆರಾ ಎತ್ತರದಲ್ಲಿದ್ದರೆ ಕಾಲಿನ ಬುಡ ಸೋಫಾದ ನೆರಳಿನಲ್ಲಿ ಮುಳುಗಿಹೋಗುತ್ತದೆ. ಆಸನದ ಮಟ್ಟಕ್ಕೆ ಇಳಿಸಿದರೆ ಕಾಣುತ್ತದೆ. ಕಾಲು ಚೌಕಟ್ಟಿನ ಮರದೊಂದಿಗೇ ಒಂದಾಗಿ ಮೇಲೇರಿದೆಯೋ, ಕೆಳಗಿನಿಂದ ತಿರುಪಿ ಕೂರಿಸಿದ್ದೋ ಗಮನಿಸಿ. ತಿರುಪಿನದು ಕೆಟ್ಟದ್ದೇನಲ್ಲ, ಸಾಗಿಸಲು ಸುಲಭ. ಆದರೆ ಸೋಫಾವನ್ನು ನೆಲದ ಮೇಲೆ ಎಳೆದಾಡಿದರೆ ಮೊದಲು ಸಡಿಲವಾಗುವುದು ಅದೇ. ಅಂಗಡಿಯವರನ್ನು ಕೇಳುವುದಾದರೆ ಸೋಫಾವನ್ನು ಮಗುಚಿ ತೆಗೆದ ಒಂದು ಫೋಟೊ ಕೇಳಿ.