ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಬಂದ ಮೇಲೆ

ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ ಮಗಳಿಗೆ 80ಕ್ಕೆ 31 ಬಂದಿದೆ, ತಾಯಿ ಶಾಲೆಗೆ ಬಂದಿದ್ದಾರೆ ಎಂದುಕೊಳ್ಳಿ. "ಕೇಬಲ್ ತೆಗೆಸಿದ್ದೀನಿ, ರಾತ್ರಿ ಹನ್ನೆರಡರ ತನಕ ಪಕ್ಕದಲ್ಲೇ ಕೂತಿರ್ತೀನಿ. ಇನ್ನೇನು ಮಾಡ್ಲಿ ಮೇಡಂ?"

ಆಪ್ತಸಮಾಲೋಚಕರು ಇಲ್ಲಿ ಉಪದೇಶಕ್ಕೆ ಇಳಿಯಬಾರದು. ಮೊದಲು ತಾಯಿಯ ನಿದ್ದೆಯನ್ನೇ ವಿಚಾರಿಸಲಿ. ತನ್ನ ಭಯವನ್ನು ಹೇಳಿಕೊಂಡ ಮೇಲಷ್ಟೇ ಆಕೆಗೆ ಸಲಹೆ ಕೇಳಿಸುವುದು. ಆಮೇಲೆ ಮಗಳನ್ನೂ ಕೂರಿಸಿಕೊಂಡು ಉತ್ತರಪತ್ರಿಕೆ ಬಿಡಿಸಿ ನೋಡಲಿ. ಪ್ರಮೇಯ ಬರೆದೇ ಇಲ್ಲ, ತ್ರಿಕೋನಮಿತಿಯ ಲೆಕ್ಕಗಳು ಅರ್ಧಕ್ಕೆ ನಿಂತಿವೆ. "ಗಣಿತವೇ ಬರಲ್ಲ" ಎಂಬ ಮಾತು ಆಗ "ಈ ಎರಡು ಪಾಠ ಬಾಕಿ" ಎಂದು ಬದಲಾಗುತ್ತದೆ.

ಮನೆಯಲ್ಲಿ ಸದ್ಯಕ್ಕೆ ಒಂದೇ ಬದಲಾವಣೆ ಸಾಕು: ಹತ್ತೂವರೆಗೆ ದೀಪ ಆರಲಿ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗಲು ನಿದ್ದೆ ಬೇಕೇ ಬೇಕು.

ಪೋಷಕರಿಗೆ ಇನ್ನೊಂದು ವಿಷಯವನ್ನು ಬಿಡಿಸಿ ಹೇಳಬೇಕು. ಕರ್ನಾಟಕದಲ್ಲಿ 2023–24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮತ್ತೆ ಬರೆದರೆ ಹೆಚ್ಚು ಬಂದ ಅಂಕವೇ ಉಳಿಯುತ್ತದೆ.

ಆದರೆ ಮಗು ಊಟ ಬಿಟ್ಟರೆ, "ನಾನಿಲ್ಲದಿದ್ದರೇ ಚೆನ್ನಾಗಿತ್ತು" ಎಂದರೆ, ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ಒಂಟಿಯಾಗಿ ಬಿಡದೆ, ಅಂದೇ ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.